16 ಪುಟದ ಕೊಟೇಶನ್, ಆರು ಸಾಲಿನ ಮೇಲ್

ಪ್ರಶ್ನೆ: ದಾವಣಗೆರೆಯ ರೈಸ್‌ಮಿಲ್ ಒಂದರಲ್ಲಿ ಪರ್ಚೇಸ್ ನೋಡ್ಕೊಳ್ತೀನಿ. ಕಲರ್ ಸಾರ್ಟರ್‌ಗೆ ಗಾಳಿ ಕೊಡೋ ಸ್ಕ್ರೂ ಕಂಪ್ರೆಸರ್‌ಗೆ 16 ಪುಟದ ಕೊಟೇಶನ್ ಬಂದಿದೆ. "ಬೆಲೆ, ಡೆಲಿವರಿ, ವಾರಂಟಿ ಮೂರೇ ಸಾಕು, ಎಲ್ಲರಿಗೂ ಚಿಕ್ಕದಾಗಿ ಒಂದು ಮೇಲ್ ಹಾಕು" ಅಂತಾರೆ ಸಾವ್ಕಾರ್ರು. ಮೊದಲ ಪುಟದ ಸಮ್ಮರಿಯನ್ನೇ ಕಾಪಿ ಮಾಡಿ ಕಳಿಸಿದ್ರೆ ಸಾಕಲ್ವಾ?

ಉತ್ತರ: ಸಾಲದು. ಇಂಥದ್ದೇ ಮೇಲ್‌ನಲ್ಲಿ ನಾನು "ವಾರಂಟಿ: ಕಮಿಷನಿಂಗ್‌ನಿಂದ 12 ತಿಂಗಳು" ಅಂತ ಬರೆದು ಕಳಿಸಿದ್ದೆ. ಆ ಒಂದು ಸಾಲಿಗೆ ನಮ್ಮ ಮಿಲ್ ತೆತ್ತದ್ದು ₹1,29,800.

ಕಮಿಷನಿಂಗ್ ಅಂದ್ರೆ ಮೆಷಿನ್ ಕೂರಿಸಿ ಚಾಲೂ ಮಾಡೋದು. ನಾನು ಬರೆದದ್ದು ಸುಳ್ಳಾಗಿರಲಿಲ್ಲ, ಅರ್ಧ ಆಗಿತ್ತು. ಕೊಟೇಶನ್‌ನ 14ನೇ ಪುಟದಲ್ಲಿದ್ದ ಪೂರ್ತಿ ವಾಕ್ಯ ಹೀಗಿತ್ತು: ಕಮಿಷನಿಂಗ್ ಆದ ದಿನದಿಂದ 12 ತಿಂಗಳು ಅಥವಾ ಡಿಸ್ಪ್ಯಾಚ್ ಆದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು. ಮೆಷಿನರಿ ಕೊಟೇಶನ್‌ಗಳಲ್ಲಿ ಈ ವಾಕ್ಯ ಎಷ್ಟು ಮಾಮೂಲಿ ಅಂದ್ರೆ ಕಣ್ಣು ಅದರ ಮೇಲೆ ಜಾರಿ ಮುಂದೆ ಹೋಗುತ್ತೆ. ಮೇಲ್ ಚಿಕ್ಕದಾಗಲಿ ಅಂತ ಬಾಲ ಕತ್ತರಿಸಿದೆ. ವಾಕ್ಯದ ಜೀವ ಇದ್ದದ್ದೇ ಆ ಬಾಲದಲ್ಲಿ.

ಕಂಪ್ರೆಸರ್ ಫ್ಯಾಕ್ಟರಿ ಬಿಟ್ಟದ್ದು 2023ರ ಜನವರಿ 10. ನಮ್ಮಲ್ಲಿ ಶೆಡ್ ಮುಗಿದಿರಲಿಲ್ಲ, ಬೆಸ್ಕಾಂನಿಂದ ಹೆಚ್ಚುವರಿ ಲೋಡ್ ಬರೋದು ಬಾಕಿ ಇತ್ತು. ಮೆಷಿನ್ ತಾಡಪಾಲು ಹೊದ್ದು ಗೋಡೌನ್‌ನಲ್ಲಿ ಕೂತಿತು. ಕಮಿಷನಿಂಗ್ ಆದದ್ದು ಸೆಪ್ಟೆಂಬರ್ 4. ನನ್ನ ಮೇಲ್ ಓದಿದ್ದ ಮೆಂಟೆನೆನ್ಸ್‌ನವರು 2024ರ ಸೆಪ್ಟೆಂಬರ್ 4ರವರೆಗೆ ವಾರಂಟಿ ಅಂತ ಬೋರ್ಡ್ ಮೇಲೆ ಬರೆದುಕೊಂಡಿದ್ದರು. ಆಗಸ್ಟ್ 2ಕ್ಕೆ ಮೋಟಾರಿನ ವೇಗ ಹತೋಟಿ ಮಾಡೋ ಡ್ರೈವ್, ಅಂದ್ರೆ ವಿಎಫ್‌ಡಿ, ಸುಟ್ಟು ಹೋಯ್ತು. ವೆಂಡರ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, "ಡಿಸ್ಪ್ಯಾಚ್ ಯಾವಾಗ ಆಗಿದೆ ಸರ್?" ಡಿಸ್ಪ್ಯಾಚ್‌ನಿಂದ 18 ತಿಂಗಳು ಜುಲೈ 10ಕ್ಕೇ ಮುಗಿದಿತ್ತು. ಹೊಸ ಡ್ರೈವ್‌ಗೆ 1,10,000, ಮೇಲೆ ಜಿಎಸ್‌ಟಿ 19,800.

ಲೆಕ್ಕ ಸರಳ. 18ರಲ್ಲಿ 12 ಕಳೆದರೆ 6. ಡಿಸ್ಪ್ಯಾಚ್ ಆಗಿ ಆರು ತಿಂಗಳೊಳಗೆ ಕಮಿಷನಿಂಗ್ ಆದರೆ ಪೂರ್ತಿ 12 ತಿಂಗಳು ಸಿಗುತ್ತೆ. ಆಮೇಲೆ ತಡವಾದ ಒಂದೊಂದು ತಿಂಗಳೂ ವಾರಂಟಿಯ ಒಂದೊಂದು ತಿಂಗಳನ್ನು ತಿನ್ನುತ್ತೆ. ನಮಗೆ ಸುಮಾರು ಎಂಟು ತಿಂಗಳು ತಡವಾಯ್ತು, ಕೈಗೆ ಸಿಕ್ಕ ವಾರಂಟಿ ಹತ್ತು ತಿಂಗಳು ಚಿಲ್ಲರೆ. ಇದನ್ನು ಮೊದಲೇ ಮೇಲ್‌ನಲ್ಲಿ ಬರೆದಿದ್ದರೆ ಶೆಡ್ ಆಗೋವರೆಗೂ ಡಿಸ್ಪ್ಯಾಚ್ ಮುಂದಕ್ಕೆ ಹಾಕಿಸ್ತಿದ್ವಿ. ಹೆಚ್ಚೇನಿಲ್ಲ, ಒಂದು ಫೋನ್ ಕಾಲ್.

ಹಾಗಾಗಿ "ಬೆಲೆ, ಡೆಲಿವರಿ, ವಾರಂಟಿ ಮೂರೇ ಸಾಕು" ಅನ್ನೋದನ್ನೇ ನಾನು ಪೂರ್ತಿ ಒಪ್ಪಲ್ಲ. ಮೂರು ಅಂಕಿ ಸಾಕು, ಆದರೆ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಎಲ್ಲಿಂದ ಶುರು ಅನ್ನೋದು ಇರಲೇಬೇಕು. ಮೊದಲ ಪುಟ ಸೇಲ್ಸ್‌ನವರು ಬರೆದದ್ದು, ಅಲ್ಲಿ ಬರೀ ಅಂಕಿ ಇರುತ್ತೆ. ಅದರ ಶುರು ಎಲ್ಲಿ ಅನ್ನೋದು ಕೊನೆಯ ಕೆಲವು ಪುಟಗಳಲ್ಲಿ, ಸಣ್ಣ ಅಕ್ಷರದ ಷರತ್ತುಗಳಲ್ಲಿ ಇರುತ್ತೆ. ಕೊಟೇಶನ್ ಅನ್ನು ಹಿಂದಿನಿಂದ ಓದಿ.

ಬೆಲೆ ತಗೊಳ್ಳಿ. 20 ಎಚ್‌ಪಿ ಕಂಪ್ರೆಸರ್‌ನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ₹5,60,000 ಅಂತ ಇದೆ ಅನ್ಕೊಳ್ಳಿ. ಅದು ಎಕ್ಸ್ ವರ್ಕ್ಸ್, ಅಂದ್ರೆ ಅವರ ಫ್ಯಾಕ್ಟರಿ ಬಾಗಿಲಲ್ಲಿ, ಬರೀ ಮೆಷಿನ್‌ನ ಬೆಲೆ. ಒಳಪುಟದಲ್ಲಿ "ಐಚ್ಛಿಕ" ಅನ್ನೋ ತಲೆಬರಹದ ಕೆಳಗೆ ಏರ್ ಡ್ರೈಯರ್ 85,000, ಗಾಳಿ ತುಂಬಿಡೋ ರಿಸೀವರ್ ಟ್ಯಾಂಕ್ 45,000. ಕಲರ್ ಸಾರ್ಟರ್‌ಗೆ ಡ್ರೈಯರ್ ಐಚ್ಛಿಕ ಅಲ್ಲವೇ ಅಲ್ಲ. ಕೆಟ್ಟ ಅಕ್ಕಿಕಾಳನ್ನು ಊದಿ ಹೊರಗೆ ಹಾಕೋ ಎಜೆಕ್ಟರ್ ವಾಲ್ವ್‌ಗಳಿಗೆ ಗಾಳಿಯ ಜೊತೆ ನೀರು ಹೋದರೆ ತೌಡಿನ ಧೂಳು ಅಲ್ಲೇ ಅಂಟಿ, ವಾಲ್ವ್ ಒಂದೊಂದೇ ಕಚ್ಚಿಕೊಳ್ಳುತ್ತೆ. ಟ್ಯಾಂಕ್ ಇಲ್ಲದಿದ್ದರೆ ಒತ್ತಡ ಏರಿಳಿಯುತ್ತೆ, ಊದುವ ಬಲವೂ ಅದರ ಜೊತೆಗೇ. ಆದ್ದರಿಂದ ಈ ಎರಡನ್ನೂ ಸೇರಿಸಿಯೇ ಬೆಲೆ ಹೇಳಬೇಕು: 6,90,000.

ಅದರ ಮೇಲೆ ಪ್ಯಾಕಿಂಗ್ ಮತ್ತು ಫಾರ್ವರ್ಡಿಂಗ್ ಶೇಕಡಾ 2, ಅಂದ್ರೆ 13,800. ಲಾರಿ ಬಾಡಿಗೆ "ಎಷ್ಟಾಗುತ್ತೋ ಅಷ್ಟು" ಅಂತ ಬರೆದಿರ್ತಾರೆ. ಹಾಗೇ ಬಿಡಬೇಡಿ, ಫೋನ್ ಮಾಡಿ ದಾವಣಗೆರೆವರೆಗೆ ಎಷ್ಟು ಅಂತ ಮೇಲ್‌ನಲ್ಲೇ ತರಿಸ್ಕೊಳ್ಳಿ. 18,000 ಅಂದರು ಅಂತಿಟ್ಟುಕೊಳ್ಳೋಣ. ಒಟ್ಟು 7,21,800 ಆಯ್ತು. ವೆಂಡರ್ ತನ್ನ ಬಿಲ್‌ನಲ್ಲೇ ಪ್ಯಾಕಿಂಗ್, ಬಾಡಿಗೆ ಸೇರಿಸಿದರೆ ಅವುಗಳ ಮೇಲೂ ಜಿಎಸ್‌ಟಿ ಬೀಳುತ್ತೆ, ಇದನ್ನು ಬಹಳ ಜನ ಮರೀತಾರೆ. ಶೇಕಡಾ 18ರಂತೆ 1,29,924. ಮಿಲ್ ಬಾಗಿಲಿಗೆ ಬಂದು ನಿಲ್ಲುವಾಗ ₹8,51,724. ಮೊದಲ ಪುಟದ ಅಂಕಿಗೂ ಇದಕ್ಕೂ ₹2,91,724 ವ್ಯತ್ಯಾಸ. ಇಳಿಸೋಕೆ ಕ್ರೇನ್ ಬಾಡಿಗೆ ಇನ್ನೂ ಸೇರಿಲ್ಲ, ಅದು ನಿಮ್ಮದೇ.

ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಹರಿಹರದ ಇಂಜಿನಿಯರಿಂಗ್ ಘಟಕದವರಿಗೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಅವರು ಅದನ್ನು ಖರ್ಚು ಅಂತ ಎಣಿಸೋದೇ ಇಲ್ಲ. ರೈಸ್‌ಮಿಲ್ ಕಥೆ ಬೇರೆ. 25 ಕೆಜಿವರೆಗಿನ ಲೇಬಲ್ ಹಾಕಿದ ಚೀಲದ ಅಕ್ಕಿಗೆ ಶೇಕಡಾ 5 ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ತೆರಿಗೆ ಇಲ್ಲದ ಮಾರಾಟ ಎಷ್ಟಿದೆಯೋ ಆ ಪ್ರಮಾಣದ ಕ್ರೆಡಿಟ್ ಸಿಗಲ್ಲ. ಎಷ್ಟು ಸಿಗುತ್ತೆ ಅನ್ನೋದು ನಿಮ್ಮ ಅಕೌಂಟ್ಸ್‌ನವರ ಕೆಲಸ, ನೀವು ಅಂಕಿಯನ್ನು ಬಿಡಿಸಿ ಕೊಟ್ಟರೆ ಸಾಕು.

ಡೆಲಿವರಿಯಲ್ಲೂ ಅದೇ. "6ರಿಂದ 8 ವಾರ" ಅಂದ್ರೆ ಎಂದಿನಿಂದ? ಷರತ್ತಿನಲ್ಲಿ ಸಾಮಾನ್ಯವಾಗಿ ಪಿಒ, ಅಂದ್ರೆ ಪರ್ಚೇಸ್ ಆರ್ಡರ್, ಮತ್ತು ಅಡ್ವಾನ್ಸ್ ಎರಡೂ ಕೈಸೇರಿದ ದಿನದಿಂದ ಅಂತ ಇರುತ್ತೆ. ಜೂನ್ 3ಕ್ಕೆ ಪಿಒ ಕಳಿಸಿ, ಶೇಕಡಾ 30 ಅಡ್ವಾನ್ಸ್ ಜೂನ್ 14ಕ್ಕೆ ಹೋದರೆ ಗಡಿಯಾರ ಓಡೋದು 14ರಿಂದ. ಎಂಟು ವಾರ ಅಂದ್ರೆ ಆಗಸ್ಟ್ 9. ಅದೂ ಮಿಲ್‌ಗೆ ಬರೋ ದಿನ ಅಲ್ಲ, ಅವರ ಫ್ಯಾಕ್ಟರಿಯಲ್ಲಿ ಮೆಷಿನ್ ರೆಡಿ ಆಗೋ ದಿನ. ಉಳಿದ ಶೇಕಡಾ 70 ಹಣ ಹೋದ ಮೇಲೆಯೇ ಲಾರಿ ಹತ್ತೋದು, ದಾರಿಗೆ ನಾಲ್ಕು ದಿನ. ಬೇಗ ಅಂದರೂ ಆಗಸ್ಟ್ 16ರ ಆಸುಪಾಸು. ನೋಡಿ, ಪೇಮೆಂಟ್ ಷರತ್ತು ಸಾವ್ಕಾರ್ರ ಮೂರರ ಪಟ್ಟಿಯಲ್ಲಿಲ್ಲ, ಆದರೆ ಡೆಲಿವರಿಯ ಕೀಲಿ ಇರೋದೇ ಅದರ ಕೈಯಲ್ಲಿ. ಭದ್ರಾ ಅಚ್ಚುಕಟ್ಟಿನ ಮಳೆಗಾಲದ ಭತ್ತ ಮಿಲ್‌ಗೆ ಬರೋ ಹೊತ್ತಿಗೆ ಸಾರ್ಟರ್ ಓಡಬೇಕು ಅಂದ್ರೆ ಅಡ್ವಾನ್ಸ್ ಯಾವ ತಾರೀಖಿನೊಳಗೆ ಹೋಗಬೇಕು ಅಂತ ಹಿಂದಕ್ಕೆ ಎಣಿಸಿ ಬರೀರಿ.

ವಾರಂಟಿಯಲ್ಲಿ ತಾರೀಖಿನ ಜೊತೆ ಇನ್ನೊಂದು ಸಾಲು. "ಏರ್ ಎಂಡ್‌ಗೆ 5 ವರ್ಷ" ಅಂತ ದೊಡ್ಡದಾಗಿ ಹಾಕಿರ್ತಾರೆ. ಏರ್ ಎಂಡ್ ಅಂದ್ರೆ ಗಾಳಿಯನ್ನು ಒತ್ತೋ ಸ್ಕ್ರೂಗಳಿರೋ ಭಾಗ. ಕೆಳಗೆ, ಅವರದೇ ಎಣ್ಣೆ, ಅವರದೇ ಫಿಲ್ಟರ್, 2,000 ಗಂಟೆಗೊಮ್ಮೆ ಅವರದೇ ಸರ್ವಿಸ್ ಅಂತ ಷರತ್ತು. ದಿನಕ್ಕೆ 20 ಗಂಟೆ ಓಡೋ ಮಿಲ್‌ನಲ್ಲಿ 2,000 ಗಂಟೆ ನೂರೇ ದಿನಕ್ಕೆ ಮುಗಿಯುತ್ತೆ. ಎಣ್ಣೆ, ಫಿಲ್ಟರ್, ಸೆಪರೇಟರ್ ಯಾವುದೂ ವಾರಂಟಿಯಲ್ಲಿ ಇರಲ್ಲ. ಒಂದು ಸರ್ವಿಸ್ ತಪ್ಪಿದರೆ ಐದು ವರ್ಷದ ಮಾತು ಅಲ್ಲಿಗೇ ನಿಲ್ಲುತ್ತೆ.

ನಾನಾದರೆ ಈಗ ಹೀಗೆ ಕಳಿಸ್ತೀನಿ:

ವಿಷಯ: ಕಂಪ್ರೆಸರ್ ಕೊಟೇಶನ್: ಮಿಲ್ ಬಾಗಿಲಿಗೆ 8.52 ಲಕ್ಷ, ಶುಕ್ರವಾರದೊಳಗೆ ಅಭಿಪ್ರಾಯ ಬೇಕು

ಎಲ್ಲರಿಗೂ ನಮಸ್ಕಾರ,

ಬೆಲೆ: ಡ್ರೈಯರ್, ಟ್ಯಾಂಕ್, ಪ್ಯಾಕಿಂಗ್, ಲಾರಿ ಸೇರಿ ₹7,21,800 + ಜಿಎಸ್‌ಟಿ ₹1,29,924 = ₹8,51,724. ಇಳಿಸುವ ಕ್ರೇನ್ ನಮ್ಮದು. (ಪುಟ 2, 9, 13)

ಡೆಲಿವರಿ: ಪಿಒ ಮತ್ತು 30% ಅಡ್ವಾನ್ಸ್ ಎರಡೂ ತಲುಪಿದ ದಿನದಿಂದ 6ರಿಂದ 8 ವಾರ, ಅವರ ಫ್ಯಾಕ್ಟರಿಯಲ್ಲಿ. ಜೂನ್ 14ಕ್ಕೆ ಅಡ್ವಾನ್ಸ್ ಹೋದರೆ ನಮ್ಮಲ್ಲಿಗೆ ಆಗಸ್ಟ್ 16ರ ಸುಮಾರಿಗೆ. 70% ಡಿಸ್ಪ್ಯಾಚ್‌ಗೆ ಮುಂಚೆ. (ಪುಟ 13)

ವಾರಂಟಿ: ಕಮಿಷನಿಂಗ್‌ನಿಂದ 12 ಅಥವಾ ಡಿಸ್ಪ್ಯಾಚ್‌ನಿಂದ 18 ತಿಂಗಳು, ಯಾವುದು ಮೊದಲೋ ಅದು. ಡಿಸ್ಪ್ಯಾಚ್ ಆಗಿ 6 ತಿಂಗಳೊಳಗೆ ಚಾಲೂ ಮಾಡದಿದ್ದರೆ ನಮಗೆ ನಷ್ಟ. ಏರ್ ಎಂಡ್ 5 ವರ್ಷ, 2,000 ಗಂಟೆಗೊಮ್ಮೆ ಕಂಪನಿ ಸರ್ವಿಸ್ ಮಾಡಿಸಿದರೆ ಮಾತ್ರ. (ಪುಟ 14)

ಕೊಟೇಶನ್ ಜೂನ್ 20ರವರೆಗೆ ಊರ್ಜಿತ. ಪೂರ್ತಿ ಪ್ರತಿ ಲಗತ್ತಿಸಿದೆ.

ಪುಟದ ಸಂಖ್ಯೆ ಬಿಡಬೇಡಿ. ಅನುಮಾನ ಬಂದವರು 16 ಪುಟ ತಿರುವಿ ಹಾಕೋದಿಲ್ಲ, 14ನೇ ಪುಟವನ್ನಂತೂ ತೆರೀತಾರೆ. ನನ್ನ ಹಳೇ ಮೇಲ್‌ನಲ್ಲಿ ಆ ಸಂಖ್ಯೆ ಇದ್ದಿದ್ದರೆ ಮೆಂಟೆನೆನ್ಸ್‌ನವರೇ ತಪ್ಪು ಹಿಡೀತಿದ್ದರು.

ಇನ್ನೊಂದು, ಟೀಮ್‌ಗೆ ಕಳಿಸೋ ಮುಂಚೆ ಈ ಮೂರು ಸಾಲನ್ನೇ ವೆಂಡರ್‌ಗೆ ಕಳಿಸಿ, "ನಾವು ಅರ್ಥ ಮಾಡಿಕೊಂಡದ್ದು ಸರಿಯೇ?" ಅಂತ ಲಿಖಿತದಲ್ಲಿ ಉತ್ತರ ತರಿಸಿ. ನಿಮ್ಮ ಶೆಡ್ ಇನ್ನೂ ಆಗಿಲ್ಲ ಅಂದ್ರೆ ಅದೇ ಮೇಲ್‌ನಲ್ಲಿ 18 ತಿಂಗಳನ್ನು 24 ಮಾಡಿ ಅಂತಲೂ ಕೇಳಿ. ಪಿಒ ಕೈಗೆ ಸಿಗೋ ಮುಂಚೆ ಸೇಲ್ಸ್‌ನವರು ಇದಕ್ಕೆ ಒಪ್ಪೋದುಂಟು. ಅಡ್ವಾನ್ಸ್ ಹೋದ ಮೇಲೆ ಕೇಳಿದರೆ ಫೋನ್ ಎತ್ತೋದೇ ಸರ್ವಿಸ್‌ನವರು, ಅವರ ಕೈಯಲ್ಲಿ ಏನೂ ಇರಲ್ಲ.