ಅಣಕು ಫಿಶಿಂಗ್ ಪರೀಕ್ಷೆ: ಹೆಸರು ಓದದೆ ಸಿಬ್ಬಂದಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಸಹಕಾರಿ ಬ್ಯಾಂಕೊಂದರ ಐಟಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ದೀಪಾವಳಿಗೆ ಮುಂಚೆ ‘ಬೋನಸ್ ಪಟ್ಟಿ’ ಎಂಬ ಅಣಕು ಫಿಶಿಂಗ್ ಇಮೇಲನ್ನು, ಅಂದರೆ ಪಾಸ್‌ವರ್ಡ್ ಕದಿಯುವ ಮೋಸದ ಇಮೇಲಿನಂತೆ ಕಾಣುವ ಪರೀಕ್ಷೆಯ ಇಮೇಲನ್ನು, ಎಲ್ಲ ಶಾಖೆಗಳಿಗೂ ಕಳುಹಿಸಿದೆವು. ಲಿಂಕ್ ಒತ್ತಿದವರ ಹೆಸರುಗಳನ್ನು ಸಭೆಯಲ್ಲಿ ಓದಲಾಯಿತು. ಅಂದಿನಿಂದ ಸಂಶಯದ ಇಮೇಲ್ ಬಂದರೂ ಯಾರೂ ನಮಗೆ ತಿಳಿಸುತ್ತಿಲ್ಲ. ಮುಂದಿನ ಸುತ್ತನ್ನು ಹೇಗೆ ರೂಪಿಸಬೇಕು?

ಉತ್ತರ: ನಿಮಗೆ ಆಗಿರುವ ದೊಡ್ಡ ನಷ್ಟ ಆ ಮೌನವೇ. ನಿಜವಾದ ದಾಳಿಯ ದಿನ ಮುಧೋಳ ಶಾಖೆಯ ಗುಮಾಸ್ತರೊಬ್ಬರು ತಪ್ಪಿ ಪಾಸ್‌ವರ್ಡ್ ಕೊಟ್ಟು, ಐದೇ ನಿಮಿಷದಲ್ಲಿ ನಿಮಗೆ ಫೋನ್ ಮಾಡಿದರೆ ನೀವು ಆ ಪಾಸ್‌ವರ್ಡ್ ಬದಲಿಸಬಹುದು, ತೆರೆದಿರುವ ಲಾಗಿನ್‌ಗಳನ್ನು ಮುಚ್ಚಬಹುದು, ಅದೇ ಇಮೇಲನ್ನು ಉಳಿದವರ ಪೆಟ್ಟಿಗೆಯಿಂದ ತೆಗೆಯಬಹುದು. ಹಣ ಹೋಗಿದ್ದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಕರೆ ಹೋಗುತ್ತದೋ ಅದನ್ನು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಸಭೆಯಲ್ಲಿ ತಮ್ಮ ಹೆಸರು ಕೇಳಿಬರುತ್ತದೆ ಎಂಬ ಭಯವಿರುವವರು ಆ ಫೋನ್ ಮಾಡುವುದಿಲ್ಲ. ಆದ್ದರಿಂದ ಮುಂದಿನ ಸುತ್ತಿನಲ್ಲಿ ಮುಖ್ಯವಾಗಿ ಅಳೆಯಬೇಕಾದದ್ದು ಮೊದಲ ವರದಿ ಎಷ್ಟನೇ ನಿಮಿಷಕ್ಕೆ ಬಂತು ಎಂಬುದನ್ನು. ಎಷ್ಟು ಜನ ಒತ್ತಿದರು ಎಂಬುದು ಅದರ ನಂತರದ ಮಾತು.

ಹಾಗಾಗಿ ಇಮೇಲ್ ಬರೆಯುವ ಮುನ್ನ ವರದಿಯ ದಾರಿಯನ್ನು ಸಿದ್ಧಪಡಿಸಿ. ವರದಿಗೆಂದೇ ಒಂದು ಇಮೇಲ್ ವಿಳಾಸ ಅಥವಾ ಗುಂಡಿ, ಜೊತೆಗೆ ಒಂದು ಫೋನ್ ಸಂಖ್ಯೆ ಸಾಕು. ವರದಿ ಮಾಡಿದವರಿಗೆ ಕೆಲವೇ ನಿಮಿಷಗಳಲ್ಲಿ ಮನುಷ್ಯರು ಬರೆದಂತಿರುವ ಉತ್ತರ ಹೋಗಬೇಕು: ಇದು ನಮ್ಮದೇ ಪರೀಕ್ಷೆ, ಇದು ನಿಜವಾದ ಮೋಸ, ಅಥವಾ ಇದು ಸರಿಯಾದ ಇಮೇಲೇ, ಆದರೂ ಕೇಳಿದ್ದು ಒಳ್ಳೆಯದಾಯಿತು. ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಸಂಸ್ಥೆಯೊಂದರ 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳ ಕಾಲ ಗಮನಿಸಿದಾಗ, ಒತ್ತಿದ ಮೇಲೆ ತೋರಿಸುವ ಪಾಠದ ಪುಟದಿಂದ ಅವರು ಹೆಚ್ಚು ಜಾಗೃತರಾದದ್ದು ಕಾಣಲಿಲ್ಲ. ನೌಕರರ ವರದಿಗಳಿಂದ ಹೊಸ ದಾಳಿಗಳು ಬೇಗ ಪತ್ತೆಯಾದದ್ದು ಮತ್ತು ವರದಿ ಮಾಡುವ ಉತ್ಸಾಹ ಅಷ್ಟು ದಿನವೂ ಉಳಿದದ್ದು ಮಾತ್ರ ಸ್ಪಷ್ಟವಾಗಿ ಕಂಡಿತು. ವರದಿಗೆ ಸಿಗುವ ಉತ್ತರವೇ ಈ ಕಾರ್ಯಕ್ರಮದ ಮುಖ್ಯ ಪಾಠವೆಂದು ನಾನು ಭಾವಿಸುತ್ತೇನೆ.

ಬೋನಸ್ಸಿನ ವಿಷಯವನ್ನು ಮತ್ತೆ ಬಳಸಬೇಡಿ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಗೋಡ್ಯಾಡಿ ಸಂಸ್ಥೆ 650 ಡಾಲರ್ ಹಬ್ಬದ ಬೋನಸ್ ಕೊಡುವುದಾಗಿ ಇಂಥದೇ ಪರೀಕ್ಷೆ ನಡೆಸಿ, ಕೊನೆಗೆ ನೌಕರರ ಕ್ಷಮೆ ಕೇಳಬೇಕಾಯಿತು. ಪಗಾರ, ವರ್ಗಾವಣೆ, ಕಾಯಿಲೆ, ಇವು ಬೇಡ. ‘ಮೋಸಗಾರರು ಇವನ್ನೂ ಬಳಸುತ್ತಾರಲ್ಲ’ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳುತ್ತಾರೆ. ಬಳಸುತ್ತಾರೆ, ನಿಜ, ಆದರೆ ಮೋಸಗಾರರು ಮರುದಿನ ಅದೇ ಸಿಬ್ಬಂದಿಯ ಸಹಕಾರವನ್ನು ಕೇಳಬೇಕಾಗಿಲ್ಲ. ದಿನದ ಕೆಲಸಕ್ಕೆ ಹೊಂದುವ ವಿಷಯ ಆರಿಸಿ. ಉದಾಹರಣೆಗೆ, ‘ಲೆಕ್ಕಪರಿಶೋಧಕರು ಕೇಳಿದ ಪಟ್ಟಿ, ಇಂದು ಸಂಜೆಯೊಳಗೆ ಲಾಗಿನ್ ಆಗಿ ಪರಿಶೀಲಿಸಿ’. ಆರ್‌ಬಿಐ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು `.bank.in` ವಿಳಾಸಕ್ಕೆ ಬದಲಿಸಲು ಸೂಚಿಸಿತ್ತಾದ್ದರಿಂದ, ಲಿಂಕಿನಲ್ಲಿ `.bank.in` ಬದಲು `-bank-in.com` ಎಂದಿರುವಂತೆ ನೀವೇ ಒಂದು ವಿಳಾಸ ನೋಂದಾಯಿಸಿಕೊಂಡರೆ, ಕಲಿಯಬೇಕಾದ ಒಂದು ಖಚಿತ ಗುರುತು ಅದರಲ್ಲಿರುತ್ತದೆ.

ಲಿಂಕ್ ಒತ್ತಿದವರು ಕಾಣುವ ಪುಟ ಚಿಕ್ಕದಾಗಿರಲಿ. ಕೆಂಪು ಬಣ್ಣ, ತಲೆಬುರುಡೆಯ ಚಿತ್ರ, ‘ನೀವು ಸಿಕ್ಕಿಬಿದ್ದಿರಿ’ ಎಂಬ ಮಾತು ಬೇಡ. ಪಕ್ಕದ ಮೇಜಿನವರಿಗೆ ದೂರದಿಂದಲೇ ಗೊತ್ತಾಗುವಂಥದ್ದೇನೂ ಬೇಡ. ನಾನು ಬರೆದರೆ ಇಷ್ಟು: ‘ಇದು ನಮ್ಮ ಬ್ಯಾಂಕಿನ ಅಭ್ಯಾಸದ ಇಮೇಲ್. ನಿಮ್ಮ ಹೆಸರು ನಿಮ್ಮ ವ್ಯವಸ್ಥಾಪಕರಿಗೆ ಹೋಗುವುದಿಲ್ಲ. ಕೆಳಗೆ ನೀವು ಈಗಷ್ಟೇ ಓದಿದ ಇಮೇಲೇ ಇದೆ. ವಿಳಾಸದಲ್ಲಿ ಗುರುತು ಹಾಕಿದ ಭಾಗವನ್ನು ನೋಡಿ. ನಿಜವಾದ ಮೋಸದ ಇಮೇಲಿನಲ್ಲಿ ಹೀಗಾದರೆ ತಕ್ಷಣ ಈ ಸಂಖ್ಯೆಗೆ ಫೋನ್ ಮಾಡಿ. ಈಗಲೂ ವರದಿ ಮಾಡಬಹುದು, ಅದನ್ನು ವರದಿಯೆಂದೇ ಎಣಿಸುತ್ತೇವೆ.’ ಈ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ, ಏಕೆಂದರೆ ಒತ್ತಿದ ಮೇಲೂ ಹೇಳಬಹುದು ಎಂಬುದನ್ನು ಅಭ್ಯಾಸ ಮಾಡಿಸುವುದು ಅದೊಂದೇ. ಇನ್ನು ಇಂಥ ಪರೀಕ್ಷೆ ನಡೆಸಲು ನೀವು ಗೋಫಿಶ್ ತಂತ್ರಾಂಶ ಬಳಸುವುದಾದರೆ ಲ್ಯಾಂಡಿಂಗ್ ಪುಟದಲ್ಲಿ `Capture Passwords` ಆಯ್ಕೆಯನ್ನು ಗುರುತಿಸದೆ ಬಿಡಿ. ಯಾರೋ ಪಾಸ್‌ವರ್ಡ್ ಬರೆದರು ಎಂಬುದು ನಿಮಗೆ ಗೊತ್ತಾದರೆ ಸಾಕು, ಆ ಪಾಸ್‌ವರ್ಡ್ ನಿಮ್ಮ ಕಂಪ್ಯೂಟರಿನಲ್ಲಿ ಉಳಿಯಬಾರದು.

ಅಂಕಿಗಳನ್ನು ಓದುವ ರೀತಿಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಸಿಬ್ಬಂದಿ 140, ಇಮೇಲ್ ಎಲ್ಲರಿಗೂ ಒಂದೇ ವೇಳೆಗೆ ಹೋಯಿತು, ದಾಖಲಾದ ಕ್ಲಿಕ್‌ಗಳು 34 ಎಂದಿಟ್ಟುಕೊಳ್ಳಿ. ಇವುಗಳಲ್ಲಿ 12, ಇಮೇಲ್ ತಲುಪಿದ ಕೆಲವೇ ಸೆಕೆಂಡುಗಳಲ್ಲಿ, ನಿಮ್ಮ ಯಾವ ಶಾಖೆಯದೂ ಅಲ್ಲದ ಐಪಿ ವಿಳಾಸಗಳಿಂದ ಬಂದಿವೆ. ಇವು ಮನುಷ್ಯರ ಕ್ಲಿಕ್‌ಗಳಲ್ಲ. ಇಮೇಲ್ ಭದ್ರತಾ ವ್ಯವಸ್ಥೆ ಲಿಂಕನ್ನು ತಾನೇ ತೆರೆದು ಪರೀಕ್ಷಿಸಿದ್ದು. ಕಳೆದ ಸಲ ಸಭೆಯಲ್ಲಿ ಓದಿದ ಹೆಸರುಗಳಲ್ಲಿ ಏನೂ ಮಾಡದವರೂ ಇದ್ದಿರಬಹುದು, ಹಳೆಯ ದಾಖಲೆಯನ್ನೊಮ್ಮೆ ತೆಗೆದು ನೋಡಿ. ಉಳಿದ 22 ನಿಜವಾದ ಕ್ಲಿಕ್‌ಗಳು. ಮೊದಲ ವರದಿ ಬಂದದ್ದು 48ನೇ ನಿಮಿಷಕ್ಕೆ. ಪರಿಶೀಲಿಸಿ ಇಮೇಲನ್ನು ಹಿಂಪಡೆಯಲು ನಿಮಗೆ 10 ನಿಮಿಷ ಬೇಕೆಂದರೆ 58ನೇ ನಿಮಿಷವಾಯಿತು, ಅಷ್ಟರಲ್ಲಿ 17 ಮಂದಿ ಒತ್ತಿಯಾಗಿತ್ತು.

ಮೂರು ತಿಂಗಳ ನಂತರದ ಸುತ್ತಿನಲ್ಲಿ ಕ್ಲಿಕ್‌ಗಳು 20. ಮಂಡಳಿ ಇದನ್ನು ನೋಡಿ ಏನೂ ಸುಧಾರಿಸಿಲ್ಲ ಎನ್ನುತ್ತದೆ. ಆದರೆ ಮೊದಲ ವರದಿ ಈ ಸಲ 6ನೇ ನಿಮಿಷಕ್ಕೆ ಬಂದಿದ್ದು, 16ನೇ ನಿಮಿಷದ ಹೊತ್ತಿಗೆ ಒತ್ತಿದವರು 7 ಮಂದಿ ಎಂದಾದರೆ, ನಿಜವಾದ ದಾಳಿಯಲ್ಲಿ ಉಳಿದ 13 ಮಂದಿಗೆ ಆ ಇಮೇಲ್ ಕಾಣುತ್ತಲೇ ಇರಲಿಲ್ಲ. ಅಪಾಯ 17ರಿಂದ 7ಕ್ಕೆ ಇಳಿದಿದೆ. ಈ ಹೋಲಿಕೆ ನಿಲ್ಲಬೇಕಾದರೆ ಎರಡೂ ಇಮೇಲ್‌ಗಳ ಕಠಿಣತೆ ಸಮನಾಗಿರಬೇಕು. ಅಮೆರಿಕದ ನಿಸ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಫಿಶ್ ಸ್ಕೇಲ್ ಇದಕ್ಕೆಂದೇ ಇದೆ: ಇಮೇಲಿನಲ್ಲಿ ಅನುಮಾನ ಹುಟ್ಟಿಸುವ ಗುರುತುಗಳು ಎಷ್ಟಿವೆ, ವಿಷಯವು ಓದುವವರ ಕೆಲಸಕ್ಕೆ ಎಷ್ಟು ಹತ್ತಿರವಾಗಿದೆ ಎಂಬ ಎರಡನ್ನು ಅದು ತೂಗುತ್ತದೆ. ಗುರುತುಗಳು ಕಡಿಮೆಯಿದ್ದು ವಿಷಯ ಕೆಲಸಕ್ಕೆ ಹತ್ತಿರವಿದ್ದಷ್ಟೂ ಪತ್ತೆ ಕಷ್ಟ. ಸುಲಭದ ಇಮೇಲ್ ಕಳುಹಿಸಿ ಕ್ಲಿಕ್ ಇಳಿಸಿ ತೋರಿಸುವುದು ಯಾರಿಗಾದರೂ ಸಾಧ್ಯ.

ಮಂಡಳಿಗೆ ಹೋಗುವ ವರದಿಯಲ್ಲಿ ಹೆಸರುಗಳಿರಬಾರದು. ನಾಲ್ಕೈದು ಜನರ ಶಾಖೆಯ ಅಂಕಿಯೂ ಹೆಸರು ಹೇಳಿದಂತೆಯೇ ಆಗುವುದರಿಂದ ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಶಾಖೆಗಳನ್ನು ಒಟ್ಟುಗೂಡಿಸಿ ತೋರಿಸಿ. ಇದನ್ನು ಮಾತಿನಲ್ಲಿ ಒಪ್ಪಿಸಿದರೆ ಸಾಲದು. ಹೆಸರುಗಳನ್ನು ಯಾರು ನೋಡಬಹುದು, ಎಷ್ಟು ದಿನದಲ್ಲಿ ಅಳಿಸಬೇಕು, ಬಡ್ತಿಗೂ ಶಿಸ್ತುಕ್ರಮಕ್ಕೂ ಅವನ್ನು ಬಳಸುವಂತಿಲ್ಲ ಎಂಬುದನ್ನು ಮೊದಲೇ ಠರಾವು ಮಾಡಿಸಿ ಎಲ್ಲ ಶಾಖೆಗಳಿಗೂ ಸುತ್ತೋಲೆ ಕಳುಹಿಸಿ.

ಪ್ರತಿ ಸುತ್ತಿನಲ್ಲೂ ಒತ್ತುವ ಕೆಲವರು ಇದ್ದೇ ಇರುತ್ತಾರೆ. ಅವರ ಮೇಜಿಗೆ ಹೋಗಿ ಕೆಲಸ ನೋಡಿ. ಆರ್‌ಟಿಜಿಎಸ್ ವಿಭಾಗದವರು ಅಪರಿಚಿತರ ಕಡತಗಳನ್ನು ದಿನವಿಡೀ ತೆರೆಯಲೇಬೇಕಾಗಿದ್ದರೆ ಇನ್ನೊಂದು ತರಬೇತಿಯಿಂದ ಪ್ರಯೋಜನವಿಲ್ಲ. ಆ ಕೆಲಸಕ್ಕೆ ಪ್ರತ್ಯೇಕ ಕಂಪ್ಯೂಟರ್, ಲಾಗಿನ್‌ಗೆ ಎರಡನೇ ದೃಢೀಕರಣ, ಖಾತೆ ಸಂಖ್ಯೆ ಬದಲಿಸಲು ಬಂದ ಕೋರಿಕೆಯನ್ನು ಗ್ರಾಹಕರ ಮೊದಲೇ ದಾಖಲಾಗಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವ ನಿಯಮ, ಇವನ್ನು ಮಾಡಿಕೊಡುವುದು ನಿಮ್ಮ ವಿಭಾಗದ ಹೊಣೆ.