ನಾನು ಅಳಿಸಿದ ಮೆಸೇಜು, ಅವರ ರಿಪ್ಲೈಯಲ್ಲಿ ಹಾಗೇ ಇತ್ತು

"ವಾಟ್ಸಾಪ್ ಗ್ರೂಪಲ್ಲಿ ತಪ್ಪಾಗಿ ಹಾಕಿದ ಮೆಸೇಜನ್ನ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಒಬ್ರು ಅದನ್ನ ಕೋಟ್ ಮಾಡಿ ರಿಪ್ಲೈ ಮಾಡಿದ್ರು. ಬೇರೆಯವರಿಗೆ ಕಾಣುತ್ತಾ?"

ಕಾಣುತ್ತೆ. ನನಗೆ ಇದು ಗೊತ್ತಾಗಿದ್ದು ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಲ್ಲಿ, ಎಲ್ಲರ ಎದುರಿಗೆ.

ನೀರಿನ ಟ್ಯಾಂಕರ್ ಲೆಕ್ಕದ ಬಗ್ಗೆ ಹೆಂಡತಿಗೆ ಬರೆದದ್ದು ಅದು. "ಸೆಕ್ರೆಟರಿಗೆ ಕಮಿಷನ್ ಹೋಗ್ತಿರಬೇಕು" ಅಂತ. ಹೋಗಿದ್ದು ಅಸೋಸಿಯೇಷನ್ ಗ್ರೂಪಿಗೆ. ಎರಡನೇ ಮಹಡಿಯ ಅಂಕಲ್ ಅದನ್ನೇ ಎಳೆದು "ಇದೇನ್ರೀ ಇದು?" ಅಂತ ಕೇಳಿದರು. ನಾನು ಗಾಬರಿಯಲ್ಲಿ `Delete for everyone` ಒತ್ತಿದೆ. ನನ್ನ ಮೆಸೇಜು ಹೋಯಿತು, ಫೋನ್ ಪಕ್ಕಕ್ಕಿಟ್ಟು ಊಟಕ್ಕೆ ಕೂತೆ.

ತಪ್ಪಾಗಿದ್ದು ಇಲ್ಲೇ. ನಾನು ನೋಡಿದ್ದು ನನ್ನ ಮೆಸೇಜನ್ನು ಮಾತ್ರ, ಅದರ ಕೆಳಗಿದ್ದ ಅಂಕಲ್ ರಿಪ್ಲೈಯನ್ನು ನೋಡಲೇ ಇಲ್ಲ. ವಾಟ್ಸಾಪಲ್ಲಿ ಕೋಟ್ ಅಂದರೆ ಹಳೆ ಮೆಸೇಜಿಗೆ ಕಟ್ಟಿದ ಬರೀ ದಾರ ಅಲ್ಲ. ರಿಪ್ಲೈ ಮಾಡುವಾಗ ನಿಮ್ಮ ಮಾತಿನ ನಕಲು, ನಿಮ್ಮ ಹೆಸರಿನ ಸಮೇತ, ಆ ರಿಪ್ಲೈ ಒಳಗೇ ಸೇರಿಕೊಂಡು ಎಲ್ಲರ ಫೋನಿಗೂ ಹೋಗುತ್ತೆ. ಡಿಲೀಟ್ ಮಾಡಿದಾಗ "ಈ ಒಂದು ಮೆಸೇಜನ್ನು ತೆಗೆ" ಅನ್ನೋ ಸೂಚನೆ ಹೋಗುತ್ತೆ ಅಷ್ಟೇ. ರಿಪ್ಲೈ ಬೇರೆಯವರ ಬೇರೆ ಮೆಸೇಜು, ಅದನ್ನು ಅದು ಮುಟ್ಟೋದಿಲ್ಲ. ನೀವು ಡಿಲೀಟ್ ಮಾಡಿದ ಮೇಲೆ ಗ್ರೂಪಿಗೆ ಬಂದವರಿಗೆ ಹಳೆ ರಿಪ್ಲೈ ಸಿಗದೇ ಇರಬಹುದು. ಆದರೆ ಈಗಾಗಲೇ ಇದ್ದವರ ಫೋನಲ್ಲಿ ಅದು ಹಾಗೇ ಕೂತಿರುತ್ತೆ. (ಟೆಲಿಗ್ರಾಂ, ಡಿಸ್ಕಾರ್ಡ್‌ಗಳಲ್ಲಿ ಮಾಮೂಲಿ ರಿಪ್ಲೈ ಮೂಲ ಮೆಸೇಜನ್ನು ಬೊಟ್ಟು ಮಾಡಿ ತೋರಿಸುತ್ತೆ, ಮೂಲ ಹೋದರೆ ಅಲ್ಲೂ ಹೋಗುತ್ತೆ. ಆ ಅಭ್ಯಾಸವೇ ನನ್ನನ್ನು ಕೆಡಿಸಿದ್ದು.)

ಭಾನುವಾರ ಮೀಟಿಂಗಲ್ಲಿ ಸೆಕ್ರೆಟರಿ ಕೇಳಿದಾಗ "ನಾನು ಹಾಗೆ ಬರೆದೇ ಇಲ್ಲ" ಅಂದುಬಿಟ್ಟೆ. ಪಕ್ಕದವರು ಸುಮ್ನೆ ಫೋನ್ ತಿರುಗಿಸಿ ತೋರಿಸಿದರು. ಮೇಲೆ ನನ್ನ ಹೆಸರು, ಅದರ ಕೆಳಗೆ ನನ್ನ ಮಾತು, ಅದರ ಕೆಳಗೆ "ಇದೇನ್ರೀ ಇದು?". ಆರೋಪಕ್ಕಿಂತ ಆ ಸುಳ್ಳೇ ನನಗೆ ಜಾಸ್ತಿ ದುಬಾರಿಯಾಯಿತು.

ಹಾಗಾಗಿ "ಕಾಣುತ್ತಾ" ಅನ್ನೋದು ಬಿಡಿ, ರಿಪ್ಲೈ ಮಾಡಿದವರಿಗೆ ಈಗಲೇ ಫೋನ್ ಮಾಡಿ. "ಸಾರ್, ನಿಮ್ಮ ರಿಪ್ಲೈನೂ ಎಲ್ಲರಿಗೂ ಡಿಲೀಟ್ ಮಾಡ್ತೀರಾ?" ಅಂತ ಕೇಳಿ. ಅವರಿಗೆ ಸುಮಾರು ಎರಡು ದಿನದ ಅವಕಾಶ ಇರುತ್ತೆ, ಆಮೇಲೆ ಆಗೋದಿಲ್ಲ. ಅವರು ಒಪ್ಪದಿದ್ದರೆ ಗ್ರೂಪ್ ಅಡ್ಮಿನ್‌ಗೆ ಹೇಳಿ, 2022ರಿಂದ ಅಡ್ಮಿನ್ ಬೇರೆಯವರ ಮೆಸೇಜನ್ನೂ ತೆಗೆಯಬಹುದು. ನಮ್ಮ ಗ್ರೂಪಿನ ಅಡ್ಮಿನ್ ಯಾರು ಗೊತ್ತಾ? ಅದೇ ಸೆಕ್ರೆಟರಿ.