ಅಂಗನವಾಡಿ ವಯಸ್ಸಿನ ಮಗುವಿಗೆ ವಿಡಿಯೊ ಸರಣಿ ಆರಿಸುವ ಬಗೆ

ಉಡುಪಿಯಲ್ಲಿದ್ದೇವೆ, 4 ವರ್ಷದ ಮಗಳಿಗೆ ಗದ್ದಲವಿಲ್ಲದೆ ಏನಾದರೂ ಕಲಿಸುವ ಸರಣಿಯನ್ನು ಹೇಗೆ ಆರಿಸಲಿ?

ಮೊದಲು ನೀವೊಬ್ಬರೇ ಒಂದು ಕಂತನ್ನು ಧ್ವನಿಯಿಲ್ಲದೆ ನೋಡಿ, ಒಂದೊಂದು ದೃಶ್ಯ ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಿರಿ. ಎರಡು ಮೂರು ಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತಲೇ ಇದ್ದರೆ ಅದನ್ನು ಬಿಡುವುದೇ ಲೇಸು. ಹಠಾತ್ ಬದಲಾವಣೆಯಾದಾಗಲೆಲ್ಲ ಮಗುವಿನ ಗಮನ ತಾನಾಗಿಯೇ ಪರದೆಯತ್ತ ಸೆಳೆಯಲ್ಪಡುವುದರಿಂದ, ಅವಳು ರೆಪ್ಪೆ ಮಿಟುಕಿಸದೆ ನೋಡಿದ ಮಾತ್ರಕ್ಕೆ ಕಥೆ ತಿಳಿಯುತ್ತಿದೆ ಎನ್ನಲಾಗದು. ಬೀಜ ಬಿತ್ತಿ, ನೀರೆರೆದು, ಮೊಳಕೆಗೆ ಕಾಯುವಂಥ ಒಂದೇ ಕೆಲಸವನ್ನು ಕ್ರಮವಾಗಿ ತೋರಿಸುವ, ಪ್ರಶ್ನೆ ಕೇಳಿದ ಬಳಿಕ ಮಗು ಬಾಯಿಬಿಡುವಷ್ಟು ಹೊತ್ತು ಸುಮ್ಮನಿರುವ ಕಂತನ್ನು ಆರಿಸಿರಿ. ಅದೇ ಕಂತನ್ನು ಮರುದಿನವೂ ತೋರಿಸಿ (ಬೇಸರ ಬರುವುದು ನಮಗೆ, ಮಕ್ಕಳಿಗಲ್ಲ), ಹಿತ್ತಿಲ ಅಲಸಂಡೆ ಬಳ್ಳಿಯ ಬಳಿ "ಬೀಜ ಹಾಕಿದ ಮೇಲೆ ಏನಾಯಿತು ಮಗಾ?" ಎಂದು ಕೇಳಿರಿ. ಅವಳು ಕಂತಿನ ಹಾಡನ್ನಷ್ಟೇ ಗುನುಗಿ, ನಡೆದದ್ದನ್ನು ಹೇಳಲು ತಡವರಿಸಿದರೆ ಇನ್ನೂ ನಿಧಾನವಾದ ಸರಣಿಯನ್ನು ಹುಡುಕಬೇಕು.